ಯಂತ್ರವಿಲ್ಲದೆ ಮನೆಯಲ್ಲೇ ಐಸ್ ಕ್ರೀಂ: ಐಸ್ ಹರಳು ಮತ್ತು ಸಕ್ಕರೆಯ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಐಸ್ ಕ್ರೀಂ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹತ್ತಕ್ಕೆ ಎಂಟು ಒಂದೇ ವಿಷಯದ್ದು. ರುಚಿ ಚೆನ್ನಾಗಿದೆ, ಆದರೆ ಬಾಯಲ್ಲಿ ಐಸು ಕರಕರ ಎನ್ನುತ್ತದೆ, ಇಲ್ಲವೇ ಚಮಚ ಇಳಿಯುವುದೇ ಇಲ್ಲ. ಹೆಚ್ಚಿನವರು ಯಂತ್ರ ಇಲ್ಲದ್ದರಿಂದಲೇ ಹೀಗಾಯಿತು ಅಂದುಕೊಳ್ಳುತ್ತಾರೆ. ಯಂತ್ರದ ಪಾತ್ರ ಇರುವುದು ನಿಜ. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಪಾತ್ರೆಯೊಳಗಿನ ನೀರಿಗೆ ಎಷ್ಟು ಸಕ್ಕರೆ, ಯಾವ ಸಕ್ಕರೆ ಸೇರಿದೆ ಎಂಬುದನ್ನು. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಆ ಲೆಕ್ಕದ ಸುತ್ತಲೇ ಇವೆ.

ಅಂಗಡಿಯ ಐಸ್ ಕ್ರೀಂನಲ್ಲಿ ಇಲ್ಲದ ಹರಳು ಮನೆಯದರಲ್ಲಿ ಎಲ್ಲಿಂದ ಬರುತ್ತದೆ?

ಹರಳು ಅಂಗಡಿಯದರಲ್ಲೂ ಇದೆ. ಐಸ್ ಕ್ರೀಂ ಎಂದರೇ ಸಣ್ಣ ಸಣ್ಣ ಐಸ್ ಹರಳು, ಗಾಳಿಯ ಗುಳ್ಳೆ, ಕೊಬ್ಬಿನ ಕಣ ಮತ್ತು ಇವನ್ನೆಲ್ಲ ಹಿಡಿದಿಡುವ ಗಟ್ಟಿ ಸಕ್ಕರೆ ಪಾಕ. ಅಂಗಡಿಯ ಹರಳು ತುಂಬ ಸಣ್ಣದು, ಅದಕ್ಕೇ ನಾಲಿಗೆಗೆ ಗೊತ್ತಾಗುವುದಿಲ್ಲ. ಹರಳಿನ ಅಳತೆ ಸುಮಾರು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ದಾಟಿದರೆ ನಾಲಿಗೆಗೆ ಒರಟು ತಿಳಿಯತೊಡಗುತ್ತದೆ.

ಯಂತ್ರ ಎರಡು ಕೆಲಸ ಮಾಡುತ್ತದೆ. ಮಿಶ್ರಣವನ್ನು ಬೇಗ ತಣಿಸುತ್ತದೆ, ತಣಿಸುತ್ತಲೇ ಕಡೆಯುತ್ತದೆ. ಬೇಗ ಹೆಪ್ಪುಗಟ್ಟಿದರೆ ಏಕಕಾಲಕ್ಕೆ ಲಕ್ಷಾಂತರ ಹರಳು ಹುಟ್ಟುತ್ತವೆ. ಇರುವ ನೀರು ಅಷ್ಟೂ ಹರಳುಗಳಿಗೆ ಹಂಚಿಹೋಗಿ ಒಂದೊಂದೂ ಸಣ್ಣದಾಗಿ ಉಳಿಯುತ್ತದೆ. ಮನೆಯ ಫ್ರೀಜರ್‌ನಲ್ಲಿ ಡಬ್ಬಿ ಸುಮ್ಮನೆ ಕೂತಿರುತ್ತದೆ, ನಿಧಾನವಾಗಿ ಅಂಚಿನಿಂದ ಗಟ್ಟಿಯಾಗುತ್ತ ಬರುತ್ತದೆ. ಕೆಲವೇ ಹರಳು ಹುಟ್ಟಿ, ಸುತ್ತಲಿನ ನೀರನ್ನೆಲ್ಲ ಎಳೆದುಕೊಂಡು ದಪ್ಪವಾಗುತ್ತವೆ. ವೇಗದಲ್ಲಿ ನಾವು ಯಂತ್ರಕ್ಕೆ ಸಾಟಿಯಾಗಲಾರೆವು. ಹರಳಾಗಲು ಸಿಗುವ ನೀರನ್ನೇ ಕಡಿಮೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಸಕ್ಕರೆ ಬರುವುದು ಅಲ್ಲಿಗೆ.

ಸಕ್ಕರೆ ಇರುವುದು ಸಿಹಿಗೆ ತಾನೆ? ಹರಳಿಗೂ ಅದಕ್ಕೂ ಏನು ಸಂಬಂಧ?

ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ಏನಾದರೂ ಕರಗಿದ್ದರೆ ಇನ್ನೂ ತಣ್ಣಗಾಗಬೇಕು. ಐಸ್ ಕ್ರೀಂ ಮಿಶ್ರಣದಲ್ಲಿ ಮೊದಲ ಹರಳು ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಮೈನಸ್ 3 ಡಿಗ್ರಿಯಲ್ಲಿ. ಕುತೂಹಲದ ಸಂಗತಿ ಇರುವುದು ಅಲ್ಲಿಂದ ಮುಂದೆ. ಹರಳಾಗುವುದು ನೀರು ಮಾತ್ರ, ಸಕ್ಕರೆ ಹೊರಗೇ ಉಳಿಯುತ್ತದೆ. ಆದ್ದರಿಂದ ಉಳಿದ ನೀರಿನಲ್ಲಿ ಪಾಕ ಗಟ್ಟಿಯಾಗುತ್ತ ಹೋಗುತ್ತದೆ. ಪಾಕ ಗಟ್ಟಿಯಾದಷ್ಟೂ ಅದು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕು. ಹೀಗೇ ಸಾಗಿ ಮೈನಸ್ 18 ಡಿಗ್ರಿಗೆ ಬಂದರೂ ಒಂದಿಷ್ಟು ನೀರು ಪಾಕವಾಗಿಯೇ ಉಳಿದಿರುತ್ತದೆ. ಒಳ್ಳೆಯ ಐಸ್ ಕ್ರೀಂನಲ್ಲಿ ನೀರಿನ ಮುಕ್ಕಾಲು ಪಾಲು ಹರಳು, ಕಾಲು ಪಾಲು ಪಾಕ. ಚಮಚ ಸಲೀಸಾಗಿ ಇಳಿಯುವುದು ಈ ಕಾಲು ಪಾಲಿನ ದೆಸೆಯಿಂದ.

ಸಕ್ಕರೆ ಅರ್ಧಕ್ಕೆ ಇಳಿಸಿದರೆ ಪಾಕವಾಗಿ ಉಳಿಯುವ ನೀರೂ ಅರ್ಧಕ್ಕೆ ಇಳಿಯುತ್ತದೆ, ಉಳಿದದ್ದೆಲ್ಲ ಕಲ್ಲು. “ಆರೋಗ್ಯಕ್ಕೆ ಒಳ್ಳೆಯದು ಅಂತ ಸಕ್ಕರೆ ಕಡಿಮೆ ಹಾಕಿದೆ, ಆಮೇಲೆ ಚಾಕುವಿನಲ್ಲಿ ಕತ್ತರಿಸಬೇಕಾಯಿತು” ಎಂದು ಹೇಳುವವರಿಗೆ ಆದದ್ದು ಇದೇ.

ಹಾಗಾದರೆ ಸಕ್ಕರೆಯನ್ನೇ ಹೆಚ್ಚು ಸುರಿದರೆ ಮುಗಿಯಿತಲ್ಲ?

ಹರಳಿನ ಕಾಟ ಮುಗಿಯುತ್ತದೆ. ಆದರೆ ಎರಡು ಚಮಚ ತಿನ್ನುವಷ್ಟರಲ್ಲಿ ಬಾಯಿ ಕಟ್ಟಿಹೋಗುತ್ತದೆ. ಇಲ್ಲೇ ಸಕ್ಕರೆಗಳ ನಡುವಿನ ವ್ಯತ್ಯಾಸ ನೆರವಿಗೆ ಬರುವುದು.

ನೀರನ್ನು ಹೆಪ್ಪುಗಟ್ಟದಂತೆ ತಡೆಯುವ ಶಕ್ತಿ ನಿಂತಿರುವುದು ಕರಗಿದ ಕಣಗಳ ಸಂಖ್ಯೆಯ ಮೇಲೆ. ಅವು ಎಷ್ಟು ಸಿಹಿ ಎಂಬುದರ ಮೇಲಲ್ಲ. ನಮ್ಮ ಮಾಮೂಲಿ ಸಕ್ಕರೆಯ, ಅಂದರೆ ಸುಕ್ರೋಸಿನ, ಒಂದೊಂದು ಕಣವೂ ದೊಡ್ಡದು. ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್ ಪುಡಿ, ಅದರ ಸುಮಾರು ಅರ್ಧದಷ್ಟು ಭಾರದ ಕಣ. ಅದೇ ತೂಕದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕಣಗಳಿರುವುದರಿಂದ ತಡೆಯುವ ಶಕ್ತಿಯೂ 1.9 ಪಟ್ಟು. ಸಿಹಿ ಮಾತ್ರ ಸಕ್ಕರೆಯ ಶೇಕಡಾ 70ರಷ್ಟೇ. ಸಿಹಿ ಏರಿಸದೆ ಮೃದು ಮಾಡಲು ಇದಕ್ಕಿಂತ ಸುಲಭದ ಪದಾರ್ಥ ನನಗೆ ಗೊತ್ತಿಲ್ಲ. ಫ್ರಕ್ಟೋಸಿಗೂ ತಡೆಯುವ ಶಕ್ತಿ ಇಷ್ಟೇ ಇದೆ, ಆದರೆ ಅದು ಸಕ್ಕರೆಗಿಂತ ತುಂಬ ಸಿಹಿ. ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ತಡೆಯುವುದರಲ್ಲಿ ಮಾಮೂಲಿ ಸಕ್ಕರೆಗೆ ಸಮ, ಸಿಹಿ ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಲೆಕ್ಕ ಮಾಡಲು ಒಂದು ಸುಲಭ ದಾರಿಯಿದೆ. ಎಲ್ಲ ಸಕ್ಕರೆಗಳನ್ನೂ ಮಾಮೂಲಿ ಸಕ್ಕರೆಯ ತೂಕಕ್ಕೆ ತಿರುಗಿಸಿ. ಡೆಕ್ಸ್ಟ್ರೋಸನ್ನು 1.9ರಿಂದ ಗುಣಿಸಿ, ಲ್ಯಾಕ್ಟೋಸನ್ನು ಇದ್ದ ಹಾಗೆಯೇ ತೆಗೆದುಕೊಂಡು ಕೂಡಿ. ಬಂದ ಮೊತ್ತವನ್ನು ಮಿಶ್ರಣದ ಒಟ್ಟು ನೀರಿನಿಂದ ಭಾಗಿಸಿ 100ರಿಂದ ಗುಣಿಸಿ. ಇದನ್ನು ನಾನು ‘ಪಾಕದ ಅಂಕೆ’ ಎಂದು ಕರೆಯುತ್ತೇನೆ: 100 ಗ್ರಾಂ ನೀರಿಗೆ ಎಷ್ಟು ಗ್ರಾಂ ಸಕ್ಕರೆಯ ಬಲ ಇದೆ ಎಂದು. ಮೈನಸ್ 18 ಡಿಗ್ರಿಯ ಫ್ರೀಜರ್‌ಗೆ ಈ ಅಂಕೆ 44ರ ಆಸುಪಾಸಿನಲ್ಲಿದ್ದರೆ ಐಸ್ ಕ್ರೀಂ ಚಮಚಕ್ಕೆ ಬಗ್ಗುತ್ತದೆ.

ಡೆಕ್ಸ್ಟ್ರೋಸ್ ಎಲ್ಲಿ ಸಿಗುತ್ತದೆ? ಬದಲಿಗೆ ಜೇನು, ಬೆಲ್ಲ ಹಾಕಬಹುದೇ?

ಬಿಸಿಲಲ್ಲಿ ದಣಿದವರಿಗೆ ನೀರಿಗೆ ಕದಡಿ ಕೊಡುವ ಗ್ಲೂಕೋಸ್ ಪುಡಿ ಡೆಕ್ಸ್ಟ್ರೋಸೇ. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಕಿತ್ತಳೆ, ನಿಂಬೆ ಪರಿಮಳದ್ದು ಬೇಡ, ಸಾದಾ ಪುಡಿ ತೆಗೆದುಕೊಳ್ಳಿ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಡೆಕ್ಸ್ಟ್ರೋಸ್ ಬಿಟ್ಟು ಮಾಮೂಲಿ ಸಕ್ಕರೆಯೂ ಸೇರಿದೆಯೇ ಎಂದು ಓದಿ ನೋಡಿ. ಕೇಕ್ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಬೇರೆ ವಸ್ತು. ಅದು ಪಾಕವನ್ನು ಅಂಟಂಟು ಮಾಡುತ್ತದೆ, ಅದರಿಂದಲೂ ಉಪಯೋಗವಿದೆ, ಆದರೆ ತಡೆಯುವ ಶಕ್ತಿ ಡೆಕ್ಸ್ಟ್ರೋಸಿನಷ್ಟಿಲ್ಲ.

ಜೇನಿನಲ್ಲಿ ಇರುವುದು ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಮೃದು ಮಾಡುವುದರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎರಡು ಚಮಚ ಕೊಡಗಿನ ಜೇನು ಬಿದ್ದರೆ ಏಲಕ್ಕಿಯೂ ವೆನಿಲ್ಲಾವೂ ಅದರ ಹಿಂದೆ ಅಡಗುತ್ತವೆ. ಜೇನಿನ ರುಚಿಯೇ ಬೇಕಿದ್ದಾಗ ಮಾತ್ರ ಹಾಕುತ್ತೇನೆ. ಬೆಲ್ಲ ಬಹುಪಾಲು ಸುಕ್ರೋಸೇ, ಜತೆಗೆ ಸ್ವಲ್ಪ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುವುದರಿಂದ ಸಕ್ಕರೆಗಿಂತ ಒಂದು ಕೂದಲೆಳೆ ಮೃದು. ಅದನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ, ಹಾಲೂ ಬೆಲ್ಲವೂ ಪೂರ್ತಿ ಆರಿದ ಮೇಲೆ ಸೇರಿಸಿ.

ಲೆಕ್ಕದ ಸಮೇತ ಒಂದು ಪೂರ್ತಿ ಅಳತೆ ಕೊಡಿ.

ಏಲಕ್ಕಿ ಐಸ್ ಕ್ರೀಂನ ನನ್ನ ಅಳತೆ ಇದು, ಒಂದು ಲೀಟರ್ ಡಬ್ಬಿ ತುಂಬುವಷ್ಟು ಆಗುತ್ತದೆ. ಫುಲ್ ಕ್ರೀಂ ಹಾಲು 500 ಗ್ರಾಂ. ಕೊಬ್ಬಿನಂಶ ಶೇಕಡಾ 35ರಷ್ಟಿರುವ, ಹಾಲಿನಿಂದಲೇ ಮಾಡಿದ ವಿಪ್ಪಿಂಗ್ ಕ್ರೀಂ 250 ಗ್ರಾಂ. ಕೆನೆರಹಿತ ಹಾಲಿನ ಪುಡಿ 30 ಗ್ರಾಂ. ಸಕ್ಕರೆ 110 ಗ್ರಾಂ, ಡೆಕ್ಸ್ಟ್ರೋಸ್ 40 ಗ್ರಾಂ, ಕಾರ್ನ್ ಫ್ಲೋರ್ 10 ಗ್ರಾಂ, ಒಂದು ಚಿಟಿಕೆ ಉಪ್ಪು, ಆರೇಳು ಏಲಕ್ಕಿ. ದಯವಿಟ್ಟು ತಕ್ಕಡಿಯಲ್ಲಿ ತೂಗಿ. ಕಪ್ಪಿನ ಅಳತೆಯಲ್ಲಿ ಇಪ್ಪತ್ತು ಗ್ರಾಂ ಅತ್ತಿತ್ತ ಆಗುವುದು ಸಹಜ, ಡೆಕ್ಸ್ಟ್ರೋಸಿನಲ್ಲಿ ಇಪ್ಪತ್ತು ಗ್ರಾಂ ಎಂದರೆ ಕಲ್ಲಿಗೂ ಬೆಣ್ಣೆಗೂ ಇರುವ ವ್ಯತ್ಯಾಸ.

ಈಗ ಲೆಕ್ಕ. ಹಾಲು ಕಾಯುವಾಗ 50 ಗ್ರಾಂನಷ್ಟು ನೀರು ಆವಿಯಾಗಿ ಹೋಗುತ್ತದೆ. ಉಳಿದ ಹಾಲಿನ ನೀರು 375 ಗ್ರಾಂ, ಕ್ರೀಂನಲ್ಲಿ 150 ಗ್ರಾಂ, ಒಟ್ಟು ಸುಮಾರು 525. ಲ್ಯಾಕ್ಟೋಸ್ ಹಾಲಿನಿಂದ 24, ಹಾಲಿನ ಪುಡಿಯಿಂದ 15, ಕ್ರೀಂನಿಂದ 8, ಒಟ್ಟು 47. ಸಕ್ಕರೆ 110. ಡೆಕ್ಸ್ಟ್ರೋಸ್ 40 ಗ್ರಾಂ ಎಂದರೆ 76 ಗ್ರಾಂ ಸಕ್ಕರೆಯ ಬಲ. ಮೂರನ್ನೂ ಕೂಡಿದರೆ 233. ಅದನ್ನು 525ರಿಂದ ಭಾಗಿಸಿ ನೂರಕ್ಕೆ ತಿರುಗಿಸಿದರೆ ಪಾಕದ ಅಂಕೆ 44.

ಡೆಕ್ಸ್ಟ್ರೋಸ್ ಇಲ್ಲದೆ ಇದೇ 44 ಬರಬೇಕಿದ್ದರೆ ಸಕ್ಕರೆಯನ್ನೇ 186 ಗ್ರಾಂ ಹಾಕಬೇಕಿತ್ತು. ಸಿಹಿ ಸುಮಾರು ಮೂರನೇ ಒಂದು ಭಾಗ ಏರುತ್ತಿತ್ತು. ಎರಡನ್ನೂ ಮಾಡಿ ಪಕ್ಕಪಕ್ಕ ಇಟ್ಟು ತಿಂದಿದ್ದೇನೆ. ಚಮಚಕ್ಕೆ ಎರಡೂ ಒಂದೇ ಥರ ಸಿಕ್ಕವು, ಆದರೆ ಬರೀ ಸಕ್ಕರೆಯದರಲ್ಲಿ ಏಲಕ್ಕಿ ಇದೆ ಎಂಬುದೇ ಗೊತ್ತಾಗಲಿಲ್ಲ.

ಮಾಡುವ ಕ್ರಮ ಹೇಗೆ?

ಸಕ್ಕರೆ, ಡೆಕ್ಸ್ಟ್ರೋಸ್, ಹಾಲಿನ ಪುಡಿ, ಕಾರ್ನ್ ಫ್ಲೋರ್ ನಾಲ್ಕನ್ನೂ ಒಣಗಿದ ಬಟ್ಟಲಲ್ಲೇ ಚೆನ್ನಾಗಿ ಬೆರೆಸಿ. ಹೀಗೆ ಮಾಡಿದರೆ ಗಂಟು ಕಟ್ಟುವುದಿಲ್ಲ. ಅದಕ್ಕೆ ತಣ್ಣನೆಯ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕದಡಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವಿ. ಕುದಿ ಬಂದ ಮೇಲೆ ಎರಡು ಮೂರು ನಿಮಿಷ ಬೇಯಬೇಕು, ಇಲ್ಲದಿದ್ದರೆ ಕಾರ್ನ್ ಫ್ಲೋರಿನ ಹಸಿ ವಾಸನೆ ಉಳಿಯುತ್ತದೆ. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಇಳಿಸಿ, ಏಲಕ್ಕಿ ಪುಡಿ ಹಾಗೂ ಉಪ್ಪು ಸೇರಿಸಿ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಬೇಗ ಆರಿಸಿ. ಆಮೇಲೆ ಮುಚ್ಚಿ ಫ್ರಿಜ್ಜಿನ ಕೆಳಭಾಗದಲ್ಲಿ ರಾತ್ರಿಯಿಡೀ ಇಡಿ.

ಮರುದಿನ ಈ ಹಾಲನ್ನು ಅಗಲವಾದ ಸ್ಟೀಲ್ ಡಬ್ಬಿಗೆ ಸುರಿದು ಫ್ರೀಜರ್‌ನಲ್ಲಿ ಇಡಿ. ಎರಡರಿಂದ ಮೂರು ಗಂಟೆಯಲ್ಲಿ ಅಂಚು ಗಟ್ಟಿಯಾಗಿ ನಡುವೆ ಗೊಜ್ಜಿನಂತೆ ಇರುತ್ತದೆ. ಇದೇ ಸರಿಯಾದ ಹೊತ್ತು. ಮೊದಲೇ ತಣ್ಣಗೆ ಮಾಡಿಟ್ಟ ಮಿಕ್ಸಿ ಜಾರಿಗೆ ಹಾಕಿ ಅರ್ಧ ನಿಮಿಷ ತಿರುಗಿಸಿ. ದಪ್ಪ ಹರಳು ಒಡೆದು ಪುಡಿಯಾಗುತ್ತದೆ, ಆ ಪುಡಿಯೇ ಮುಂದೆ ಸಾವಿರಾರು ಹೊಸ ಹರಳುಗಳಿಗೆ ಬೀಜವಾಗುತ್ತದೆ. ಇದನ್ನು ಪುನಃ ಫ್ರೀಜರ್‌ಗೆ ಇಟ್ಟು, ಅಷ್ಟರಲ್ಲಿ ತಣ್ಣನೆಯ ಕ್ರೀಮನ್ನು ಬೇರೆ ಬಟ್ಟಲಲ್ಲಿ ಬೀಟರ್‌ನಿಂದ ಕಡೆಯಿರಿ. ಎತ್ತಿದಾಗ ತುದಿ ಸ್ವಲ್ಪ ಬಾಗಿ ನಿಲ್ಲುವಷ್ಟಾದರೆ ಸಾಕು. ಅದನ್ನು ದಾಟಿದರೆ ಕಾಳು ಕಾಳಾಗಿ ಬೆಣ್ಣೆ ಬರಲು ಶುರುವಾಗುತ್ತದೆ, ನಾಲಿಗೆಗೆ ಜಿಡ್ಡು ಮೆತ್ತಿಕೊಳ್ಳುತ್ತದೆ. ಈಗ ಎರಡನ್ನೂ ಕೆಳಗಿನಿಂದ ಮೇಲಕ್ಕೆ ಮಗುಚುತ್ತ ಹಗುರವಾಗಿ ಬೆರೆಸಿ. ಕ್ರೀಂನೊಳಗಿನ ಗಾಳಿಯೇ ನಮಗೆ ಯಂತ್ರ ಕೊಡುವ ಗಾಳಿ. ಅದು ಕುಗ್ಗಬಾರದು.

ಬೆರೆಸಿದ್ದನ್ನು ಮೂರು ನಾಲ್ಕು ಸೆಂಟಿಮೀಟರ್‌ಗಿಂತ ಆಳವಿಲ್ಲದ ಹಾಗೆ ತಣ್ಣಗಿರುವ ಸ್ಟೀಲ್ ಡಬ್ಬಿಗಳಿಗೆ ಹರಡಿ. ಐಸ್ ಕ್ರೀಂನ ಮೈಗೇ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮುಚ್ಚಳ ಹಾಕಿ, ಫ್ರೀಜರ್‌ನ ಅತಿ ತಂಪಾದ ಮೂಲೆಯಲ್ಲಿ ಏಳೆಂಟು ಗಂಟೆ ಇಡಿ. ಪಕ್ಕದಲ್ಲಿ ಬಿಸಿಯಾರದ ಪಾತ್ರೆ ಇಡಬೇಡಿ, ಬಾಗಿಲು ತೆರೆಯಬೇಡಿ.

ರಾತ್ರಿಯಿಡೀ ಫ್ರಿಜ್ಜಲ್ಲಿ ಇಡಲೇಬೇಕೇ? ಮಕ್ಕಳು ಕಾಯುವುದಿಲ್ಲ.

ನಾಲ್ಕು ಗಂಟೆ ಆದರೂ ಇಡಿ. ಆ ಹೊತ್ತಿನಲ್ಲಿ ಹಾಲಿನ ಪ್ರೋಟೀನು ನೀರು ಹೀರಿಕೊಂಡು ಉಬ್ಬುತ್ತದೆ, ಕೊಬ್ಬು ಗಟ್ಟಿಯಾಗುತ್ತದೆ, ಮಿಶ್ರಣ ಮಂದವಾಗುತ್ತದೆ. ಬೆಚ್ಚಗಿರುವಾಗಲೇ ಫ್ರೀಜರ್‌ಗೆ ಹಾಕಿದರೆ ಮೊದಲ ಎರಡು ಗಂಟೆ ಅದು ಬರೀ ತಣಿಯುವುದರಲ್ಲೇ ಹೋಗುತ್ತದೆ. ಆಮೇಲೆ ನಿಧಾನವಾಗಿ ಹೆಪ್ಪುಗಟ್ಟಿ ಹರಳು ದಪ್ಪವಾಗುತ್ತದೆ.

ನಮ್ಮದು ಒಂದೇ ಬಾಗಿಲಿನ ಫ್ರಿಜ್. ಇದೇ ಅಳತೆ ನಡೆಯುತ್ತದೆಯೇ?

ಬಹುಶಃ ಇಲ್ಲ. ಒಂದೇ ಬಾಗಿಲಿನ ಹಲವು ಫ್ರಿಜ್‌ಗಳ ಐಸ್ ಪೆಟ್ಟಿಗೆ ಮೈನಸ್ 10, 12ರ ಹತ್ತಿರವೇ ನಿಲ್ಲುತ್ತದೆ. ಅಲ್ಲಿ 44ರ ಮಿಶ್ರಣ ಇಡ್ಲಿ ಹಿಟ್ಟಿನಷ್ಟೇ ಗಟ್ಟಿಯಾಗಿ ನಿಂತುಬಿಡುತ್ತದೆ. ಕರಗಿದ ಪಾಕ ತಳಕ್ಕೆ ಇಳಿಯುತ್ತದೆ, ಮೇಲೆ ಹರಳು ಬೆಳೆಯುತ್ತದೆ. ಮೊದಲು ಫ್ರಿಜ್ ಥರ್ಮಾಮೀಟರ್ ಒಂದನ್ನು ಬಟಾಣಿ ಪೊಟ್ಟಣದ ನಡುವೆ ತುರುಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಓದಿ. ಮೈನಸ್ 12 ಇದ್ದರೆ ಪಾಕದ ಅಂಕೆ 35ಕ್ಕೆ ಇಳಿಸಬೇಕು. ಮೇಲಿನ ಅಳತೆಯಲ್ಲಿ ಡೆಕ್ಸ್ಟ್ರೋಸನ್ನು 40ರಿಂದ 15 ಗ್ರಾಂಗೆ ತಂದರೆ ಅಷ್ಟಾಗುತ್ತದೆ, ಉಳಿದದ್ದು ಹಾಗೇ ಇರಲಿ. ಬೇರೆಯವರ ಅಳತೆ ನಿಮ್ಮ ಮನೆಯಲ್ಲಿ ಕೈಕೊಟ್ಟರೆ ಮೊದಲು ಅನುಮಾನ ಪಡಬೇಕಾದದ್ದು ಫ್ರೀಜರಿನ ಈ ವ್ಯತ್ಯಾಸವನ್ನೇ.

ಐಸು, ಉಪ್ಪು ಹಾಕಿ ಮಾಡುವ ಹಳೆಯ ವಿಧಾನ ಇದಕ್ಕಿಂತ ಒಳ್ಳೆಯದೇ?

ಫ್ರೀಜರ್ ದುರ್ಬಲವಾಗಿದ್ದರೆ ಖಂಡಿತ ಒಳ್ಳೆಯದು. ಪುಡಿ ಮಾಡಿದ ಐಸಿಗೆ ಅದರ ಮೂರನೇ ಒಂದು ತೂಕದಷ್ಟು ಕಲ್ಲುಪ್ಪು ಬೆರೆಸಿದರೆ ತಾಪ ಮೈನಸ್ 15ಕ್ಕಿಂತಲೂ ಕೆಳಗೆ ಇಳಿಯಬಲ್ಲದು. ಉಪ್ಪು ನೀರಿನ ಕೊನೆಯ ಮಿತಿ ಮೈನಸ್ 21. ಸಕ್ಕರೆ ಹಾಲಿನೊಳಗೆ ಮಾಡುವ ಕೆಲಸವನ್ನೇ ಇಲ್ಲಿ ಉಪ್ಪು ಹೊರಗೆ ಮಾಡುತ್ತದೆ: ನೀರು ಹೆಪ್ಪುಗಟ್ಟುವ ಹಂತವನ್ನು ಕೆಳಗೆ ತಳ್ಳುತ್ತದೆ. ಜತೆಗೆ ತಣ್ಣನೆಯ ಉಪ್ಪುನೀರು ಪಾತ್ರೆಯ ಮೈಗೆ ಪೂರ್ತಿ ತಾಗಿಕೊಂಡಿರುವುದರಿಂದ ಫ್ರೀಜರ್‌ನ ಗಾಳಿಗಿಂತ ಎಷ್ಟೋ ಬೇಗ ಶಾಖ ಎಳೆಯುತ್ತದೆ.

ಅಗಲ ಬಕೆಟ್‌ನಲ್ಲಿ ಮೂರು ಕಿಲೋ ಐಸು, ಒಂದು ಕಿಲೋ ಕಲ್ಲುಪ್ಪು ಪದರ ಪದರವಾಗಿ ಹಾಕಿ, ನಡುವೆ ಎತ್ತರದ ಸ್ಟೀಲ್ ಡಬ್ಬಿ ಇಟ್ಟು, ತಣ್ಣನೆಯ ಮಿಶ್ರಣ ಸುರಿದು ಮರದ ಸೌಟಿನಿಂದ ಗೋಡೆಯನ್ನು ಕೆರೆಯುತ್ತ ಇರಿ. ಗೋಡೆಗೆ ಹಿಡಿದ ಪದರವನ್ನು ಒಂದು ನಿಮಿಷವೂ ಹಾಗೆ ಬಿಡಬಾರದು, ಅಲ್ಲೇ ದಪ್ಪ ಹರಳು ಕಟ್ಟುವುದು. ಅರ್ಧ ಗಂಟೆಯ ಹೊತ್ತಿಗೆ ಸೌಟು ತಿರುಗದಷ್ಟು ಗಟ್ಟಿಯಾಗುತ್ತದೆ. ಆಗ ಕಡೆದ ಕ್ರೀಂ ಬೆರೆಸಿ ಫ್ರೀಜರ್‌ಗೆ ಸೇರಿಸಿ. ಇಬ್ಬರಿದ್ದರೆ ಸುಲಭ. ಉಪ್ಪುನೀರು ಒಳಗೆ ಹಾರದಂತೆ ಡಬ್ಬಿಯ ಬಾಯಿ ಐಸಿಗಿಂತ ನಾಲ್ಕು ಬೆರಳು ಎತ್ತರ ಇರಲಿ.

ಕಂಡೆನ್ಸ್ಡ್ ಮಿಲ್ಕ್ ಮತ್ತು ಕ್ರೀಂ, ಎರಡೇ ಪದಾರ್ಥದ ಐಸ್ ಕ್ರೀಂನಲ್ಲಿ ಹರಳೇ ಬರುವುದಿಲ್ಲವಲ್ಲ, ಏಕೆ?

ಅದರಲ್ಲಿ ನೀರೇ ಕಡಿಮೆ, ಸಕ್ಕರೆ ವಿಪರೀತ. 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಸಕ್ಕರೆಯೇ 170 ಗ್ರಾಂ ದಾಟುತ್ತದೆ. ಅರ್ಧ ಕಿಲೋ ಕ್ರೀಂ ಜತೆ ಸೇರಿಸಿದರೆ ಪಾಕದ ಅಂಕೆ 57ರ ಹತ್ತಿರ ಬರುತ್ತದೆ. ಕಲ್ಲಾಗುವ ಪ್ರಶ್ನೆಯೇ ಇಲ್ಲ, ಆದರೆ ತುಂಬ ಸಿಹಿ, ಬಡಿಸಿದ ಕೂಡಲೇ ಕರಗಿ ಹರಿಯುತ್ತದೆ. ಇದಕ್ಕೆ 150 ಗ್ರಾಂ ತಣ್ಣನೆಯ ಫುಲ್ ಕ್ರೀಂ ಹಾಲು ಸೇರಿಸಿ ನೋಡಿ. ಅಂಕೆ 45ಕ್ಕೆ ಇಳಿಯುತ್ತದೆ, ಸಿಹಿಯೂ ಹದಕ್ಕೆ ಬರುತ್ತದೆ. ಹಾಲನ್ನು ಕಂಡೆನ್ಸ್ಡ್ ಮಿಲ್ಕ್‌ಗೆ ಮೊದಲು ಬೆರೆಸಿ, ಕಡೆದ ಕ್ರೀಂ ಕೊನೆಗೆ.

ಮಾವಿನಹಣ್ಣು ಹಾಕಿದಾಗ ಮಾತ್ರ ಐಸು ಕಟ್ಟುತ್ತದೆ. ಹಣ್ಣಿನಲ್ಲೂ ಸಕ್ಕರೆ ಇದೆಯಲ್ಲ?

ಇದೆ, ಆದರೆ ಅದಕ್ಕಿಂತ ಎಷ್ಟೋ ಹೆಚ್ಚು ನೀರು ಇದೆ. 250 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 205 ಗ್ರಾಂ ನೀರು. ಸಕ್ಕರೆಯ ಬಲ 45 ಗ್ರಾಂ ಎಂದು ಹಿಡಿಯಿರಿ. ಮೇಲಿನ ಅಳತೆಗೆ ಇದನ್ನು ಹಾಗೇ ಸುರಿದರೆ ಒಟ್ಟು ಬಲ 278, ನೀರು 730. ಅಂಕೆ 44ರಿಂದ 38ಕ್ಕೆ ಬಿತ್ತು. ಐಸು ಕಟ್ಟುವುದು ಇದರಿಂದ.

ಇನ್ನಷ್ಟು ಸಕ್ಕರೆ ಹಾಕುವುದಕ್ಕಿಂತ ನೀರು ತೆಗೆಯುವುದು ಮೇಲು. ಆ 250 ಗ್ರಾಂನಲ್ಲಿ 50 ಗ್ರಾಂ ತಿರುಳು ಹಸಿಯಾಗಿ ತೆಗೆದಿಟ್ಟು, ಉಳಿದ 200 ಗ್ರಾಂ ಅನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತ 100 ಗ್ರಾಂಗೆ ಇಳಿಸಿ. ಬಾಣಲೆಯನ್ನೇ ತೂಗಿ ನೋಡಿದರೆ ಸಂಶಯವಿಲ್ಲ. ಈಗ ನೀರು 630, ಬಲ ಅದೇ 278. ಅಂಕೆ ಮತ್ತೆ 44! ಕುದಿಸಿದ ತಿರುಳಿನಿಂದ ಗಾಢ ಬಣ್ಣ ಮತ್ತು ಹದ ಬರುತ್ತದೆ, ಹಸಿಯಾಗಿ ಉಳಿಸಿಕೊಂಡದ್ದರಿಂದ ಪರಿಮಳ. ಬಾದಾಮಿ ಹಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ರಸಪುರಿ ಹೆಚ್ಚು ರಸಭರಿತ, ಇನ್ನೂ ಸ್ವಲ್ಪ ಹೊತ್ತು ಒಲೆಯ ಮೇಲೆ ಇರಬೇಕಾಗುತ್ತದೆ. ಹಣ್ಣಿನ ಹೋಳುಗಳನ್ನು ಹಾಗೇ ಹಾಕುವುದಾದರೆ ಡೆಕ್ಸ್ಟ್ರೋಸ್ ಮತ್ತು ಸಕ್ಕರೆ ಬೆರೆಸಿ ಕೆಲವು ಗಂಟೆ ನೆನೆಸಿ, ಬಿಟ್ಟ ನೀರನ್ನು ಬಸಿದು ಹೋಳು ಮಾತ್ರ ಹಾಕಿ. ಇಲ್ಲವಾದರೆ ಒಂದೊಂದು ಹೋಳೂ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಎಳನೀರಿನ ಗಂಜಿಗೂ ಇದೇ ಮಾತು.

ಹಾಲಿನ ಪುಡಿ ಜಾಸ್ತಿ ಹಾಕಿದರೆ ಇನ್ನೂ ಗಟ್ಟಿ, ಇನ್ನೂ ನಯ ಆಗುವುದಿಲ್ಲವೇ?

ಒಂದು ಹಂತದವರೆಗೆ ಮಾತ್ರ. ಹಾಲಿನ ಪುಡಿಯ ಅರ್ಧದಷ್ಟು ಲ್ಯಾಕ್ಟೋಸ್, ಅದು ತಣ್ಣನೆಯ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮಿತಿ ಮೀರಿದರೆ ಕೆಲವು ದಿನಗಳಲ್ಲಿ ಅದೇ ಹರಳಾಗಿ ಹೊರಬರುತ್ತದೆ. ನಾಲಿಗೆಯ ಮೇಲೆ ಸಣ್ಣ ಮರಳು ಹರಡಿದ ಹಾಗೆ. ಮೇಲಿನ ಅಳತೆಗೆ 30 ಗ್ರಾಂ ಸಾಕು, 40 ದಾಟಬೇಡಿ.

ಕಾರ್ನ್ ಫ್ಲೋರ್, ಜಿ.ಎಂ.ಎಸ್., ಸಿ.ಎಂ.ಸಿ., ಗೋರಿಕಾಯಿ ಅಂಟು – ಇವುಗಳಲ್ಲಿ ಯಾವುದು ಬೇಕು?

ಇವುಗಳ ಕೆಲಸ ಬೇರೆ ಬೇರೆ. ಸಿ.ಎಂ.ಸಿ., ಅಂದರೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಪುಡಿ, ಮತ್ತು ಗೋರಿಕಾಯಿ ಬೀಜದಿಂದ ತೆಗೆಯುವ ಗೌರ್ ಗಮ್ ಪಾಕವನ್ನು ಅಂಟಾಗಿಸುತ್ತವೆ. ಅಂಟು ಪಾಕದಲ್ಲಿ ನೀರು ಸಲೀಸಾಗಿ ಹರಿದಾಡಲಾರದು, ಆದ್ದರಿಂದ ದಿನ ಕಳೆದಂತೆ ಹರಳು ಬೆಳೆಯುವುದು ನಿಧಾನವಾಗುತ್ತದೆ. ಕಾರ್ನ್ ಫ್ಲೋರ್ ಇದನ್ನೇ ಸ್ವಲ್ಪ ದುರ್ಬಲವಾಗಿ ಮಾಡುತ್ತದೆ. ಜಿ.ಎಂ.ಎಸ್., ಅಂದರೆ ಗ್ಲಿಸರಾಲ್ ಮಾನೋಸ್ಟಿಯರೇಟ್, ಮಾತ್ರ ಬೇರೆ ಜಾತಿ. ಬೀಟರ್‌ನಿಂದ ಕಡೆದಾಗ ಗಾಳಿ ಹಿಡಿದು ಮಿಶ್ರಣ ಉಬ್ಬಲು ಅದು ನೆರವಾಗುತ್ತದೆ. ವಿಪ್ಪಿಂಗ್ ಕ್ರೀಂ ಇಲ್ಲದೆ ಬರೀ ಹಾಲಿನಲ್ಲಿ ಮಾಡುವವರಿಗೆ ಅದು ಉಪಯುಕ್ತ.

ಇವು ಯಾವುವೂ ಸಕ್ಕರೆಯ ಲೆಕ್ಕಕ್ಕೆ ಬದಲಿಯಲ್ಲ. ಅಂಟು ಹಾಕಿಯೂ ಕಲ್ಲಾಯಿತು ಎಂದರೆ ಅಂಟು ಹೆಚ್ಚಿಸಬೇಡಿ, ಅಂಕೆ ನೋಡಿ. ಗೌರ್ ಗಮ್ ಹಾಕುವುದಿದ್ದರೆ ಈ ಅಳತೆಗೆ ಒಂದೇ ಗ್ರಾಂ, ಸಕ್ಕರೆಯಲ್ಲಿ ಬೆರೆಸಿಕೊಂಡು. ಆಗ ಕಾರ್ನ್ ಫ್ಲೋರ್ ಬೇಡ. ಹೆಚ್ಚಾದರೆ ಲೋಳೆ ಲೋಳೆ.

ಮೊದಲ ದಿನ ಬೆಣ್ಣೆಯಂತಿತ್ತು, ನಾಲ್ಕನೇ ದಿನ ಹರಳು. ಮಾಡಿದ್ದರಲ್ಲಿ ತಪ್ಪಾಯಿತೇ?

ಮಾಡಿದ್ದರಲ್ಲಿ ಅಲ್ಲ, ಇಟ್ಟಿದ್ದರಲ್ಲಿ. ಬಾಗಿಲು ತೆರೆದಾಗ, ಕರೆಂಟ್ ಹೋದಾಗ, ಫ್ರಾಸ್ಟ್ ಫ್ರೀ ಫ್ರಿಜ್ ತಾನೇ ಐಸು ಕರಗಿಸಿಕೊಳ್ಳುವಾಗ ತಾಪ ನಾಲ್ಕೈದು ಡಿಗ್ರಿ ಏರುತ್ತದೆ. ಆಗ ಅತಿ ಸಣ್ಣ ಹರಳು ಮೊದಲು ಕರಗುತ್ತದೆ. ಮತ್ತೆ ತಣ್ಣಗಾದಾಗ ಆ ನೀರು ಹೊಸ ಹರಳಾಗುವುದಿಲ್ಲ, ಉಳಿದಿರುವ ದೊಡ್ಡ ಹರಳಿಗೇ ಹೋಗಿ ಅಂಟಿಕೊಳ್ಳುತ್ತದೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ವಾರದಲ್ಲಿ ಎಲ್ಲ ದೊಡ್ಡ ಹರಳೇ.

ಒಂದು ದೊಡ್ಡ ಡಬ್ಬಿಯ ಬದಲು ಒಂದು ಹೊತ್ತಿಗೆ ಮುಗಿಯುವಂಥ ಸಣ್ಣ ಡಬ್ಬಿಗಳಲ್ಲಿ ತುಂಬಿ, ಬಾಗಿಲಿನಿಂದ ದೂರ, ಹಿಂಬದಿಯಲ್ಲಿ ಇಡಿ. ಸುತ್ತ ಹೆಪ್ಪುಗಟ್ಟಿದ ಉಪ್ಪುನೀರಿನ ಬಾಟಲಿಗಳನ್ನು ಇಟ್ಟರೆ ಕರೆಂಟ್ ಹೋದಾಗ ಒಂದಷ್ಟು ಹೊತ್ತು ತಾಪ ಹಿಡಿದಿಡುತ್ತವೆ. ತಿನ್ನುವಾಗ ಇಡೀ ಡಬ್ಬಿ ಹೊರಗಿಟ್ಟು ಮೆತ್ತಗೆ ಮಾಡಿ, ಉಳಿದದ್ದನ್ನು ಒಳಗಿಡುವ ಅಭ್ಯಾಸ ಬಿಡಿ. ಪೂರ್ತಿ ಕರಗಿ ಬೆಚ್ಚಗಾಗಿ ಎರಡು ಗಂಟೆ ದಾಟಿದ್ದರೆ ಮತ್ತೆ ಹೆಪ್ಪುಗಟ್ಟಿಸಲು ಹೋಗದೆ ಚೆಲ್ಲಿಬಿಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಸ್ಟೀವಿಯಾ ಹಾಕಿ ಮಾಡಬಹುದೇ?

ಸಿಹಿ ಬರುತ್ತದೆ, ಮೃದುತನ ಬರುವುದಿಲ್ಲ. ಚಿಟಿಕೆ ಸ್ಟೀವಿಯಾದಲ್ಲಿ ನೀರನ್ನು ತಡೆಯುವಷ್ಟು ಕಣಗಳೇ ಇರುವುದಿಲ್ಲ. ಅಂಥದ್ದನ್ನು ಗೊಜ್ಜಿನ ಹಂತದಲ್ಲಿ ಮಿಕ್ಸಿಗೆ ಹಾಕಿ ಆಗಲೇ ತಿಂದುಬಿಡುವುದು ಸರಿ, ಡಬ್ಬಿಯಲ್ಲಿ ಕೂಡಿಡಲು ಆಗದು. ಡೆಕ್ಸ್ಟ್ರೋಸ್ ಸಿಹಿ ಕಡಿಮೆ ಎಂದು ಅವರಿಗೆ ಕೊಡಬೇಡಿ. ಅದು ಗ್ಲೂಕೋಸೇ, ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಕುಲ್ಫಿಗೂ ಇದೇ ಲೆಕ್ಕವೇ?

ತತ್ವ ಇದೇ. ಆದರೆ ಕುಲ್ಫಿಯಲ್ಲಿ ಹಾಲನ್ನು ಬತ್ತಿಸಿ ನೀರನ್ನೇ ತೆಗೆದಿರುತ್ತೇವೆ, ಗಾಳಿ ತುಂಬುವುದಿಲ್ಲ, ಕಡ್ಡಿಯಲ್ಲಿ ಕಚ್ಚಿ ತಿನ್ನುವುದರಿಂದ ಗಟ್ಟಿಯಾಗಿದ್ದರೂ ಒಪ್ಪುತ್ತದೆ. ಅದಕ್ಕೆ ಡೆಕ್ಸ್ಟ್ರೋಸ್ ಬೇಕಾಗುವುದಿಲ್ಲ.

ತಿಂದು ನೋಡಿ ತಪ್ಪು ಎಲ್ಲಿ ಎಂದು ಹೇಗೆ ಗುರುತಿಸುವುದು?

ಒಂದು ಚೂರು ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತಿ. ಒರಟು ತಣ್ಣಗೆ ಕರಗಿ ನೀರಾದರೆ ಅದು ಐಸು. ಕರಗದೆ ಹಾಗೇ ಉಳಿದರೆ ಲ್ಯಾಕ್ಟೋಸ್ ಮರಳು, ಹಾಲಿನ ಪುಡಿ ಕಡಿಮೆ ಮಾಡಿ. ಅಂಗುಳಕ್ಕೆ ಮೇಣದಂತೆ ಮೆತ್ತಿದರೆ ಕ್ರೀಂ ಅತಿಯಾಗಿ ಕಡೆದದ್ದು.

ಐಸೇ ಆಗಿದ್ದರೆ ಎಲ್ಲಿದೆ ಎಂದು ನೋಡಿ. ಮೇಲ್ಪದರದಲ್ಲಿ ಮಾತ್ರ ಮಂಜಿನ ಹುಡಿಯಂತೆ ಇದ್ದರೆ ಡಬ್ಬಿಯೊಳಗಿನ ಗಾಳಿಯಿಂದ ಬಂದದ್ದು, ಹಾಳೆಯನ್ನು ಮೈಗೆ ತಾಗಿಸಿ ಹೊದಿಸಿದರೆ ಸರಿಹೋಗುತ್ತದೆ. ಇಡೀ ಡಬ್ಬಿ ಒರಟಾಗಿಯೂ ಕಲ್ಲಿನಷ್ಟು ಗಟ್ಟಿಯಾಗಿಯೂ ಇದ್ದರೆ ಅಂಕೆ ಕಡಿಮೆ. ಒರಟಾಗಿದೆ, ಆದರೆ ಚಮಚ ಸುಲಭವಾಗಿ ಇಳಿಯುತ್ತದೆ ಎಂದರೆ ಸಕ್ಕರೆ ಸರಿಯಿದೆ, ಹೆಪ್ಪುಗಟ್ಟಿದ್ದು ನಿಧಾನವಾಯಿತು. ಇನ್ನೂ ತೆಳುವಾಗಿ ಹರಡಿ, ಮಿಕ್ಸಿಗೆ ಇನ್ನೊಂದು ಸಲ ಹಾಕಿ. ತಳದಲ್ಲಿ ಜೇನಿನಂಥ ಪಾಕ ನಿಂತು ಮೇಲೆ ಹರಳಿದ್ದರೆ ಫ್ರೀಜರ್‌ನ ಚಳಿಗೆ ಸಕ್ಕರೆ ಹೆಚ್ಚಾಗಿದೆ. ಮುಂದಿನ ಸಲ ಡೆಕ್ಸ್ಟ್ರೋಸ್ ಹತ್ತು ಗ್ರಾಂ ಇಳಿಸಿ, ಉಳಿದ ಯಾವುದನ್ನೂ ಬದಲಿಸದೆ ಮಾಡಿ ನೋಡಿ. ಒಂದೇ ಸಲಕ್ಕೆ ಎರಡು ಪದಾರ್ಥ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.